ಜಿಎಸ್‌ಟಿ ದಿನ, ಬ್ಯಾಡಗಿ ಫೋನು ಮತ್ತು ಆರ್‌ಬಿಐ ಕಿಟಕಿ

ನಾನು ಹುಬ್ಬಳ್ಳಿಯಲ್ಲಿ ಒಂದು ಬ್ಯಾಂಕಿನ ಟ್ರೆಜರಿಯಲ್ಲಿ ಕೆಲಸ ಮಾಡುತ್ತಿದ್ದೆ. ರಿಸರ್ವ್ ಬ್ಯಾಂಕಿನಲ್ಲಿರುವ ನಮ್ಮ ಖಾತೆಯಲ್ಲಿ ರಾತ್ರಿ ಎಷ್ಟು ದುಡ್ಡು ಉಳಿಯಬೇಕು ಅನ್ನೋದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. 2025ರ ಜನವರಿ 20, ಸೋಮವಾರ ನಡೆದದ್ದನ್ನು ಬರೆಯುತ್ತೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಮಾಡಿಕೊಂಡಿದ್ದೇನೆ.

ನಮ್ಮ ಠೇವಣಿ 10,000 ಕೋಟಿ ಅಂತ ಇಟ್ಟುಕೊಳ್ಳಿ. ಠೇವಣಿಯಲ್ಲಿ ಇಂತಿಷ್ಟು ಪಾಲನ್ನು ಆರ್‌ಬಿಐ ಖಾತೆಯಲ್ಲಿ ಇಡಲೇಬೇಕು, ಅದೇ ಸಿಆರ್‌ಆರ್. ಅದು ಆಗ ಶೇ 4 ಇತ್ತು, ಅಂದರೆ 400 ಕೋಟಿ. ಇದು ದಿನದಿನದ ಲೆಕ್ಕವಲ್ಲ, ಆಗ ಹದಿನಾಲ್ಕು ದಿನದ ಸರಾಸರಿ ನೋಡುತ್ತಿದ್ದರು. ಆದರೆ ಯಾವ ದಿನವೂ ಅದರ ಶೇ 90ಕ್ಕಿಂತ, ಅಂದರೆ 360 ಕೋಟಿಗಿಂತ ಕೆಳಗೆ ಇಳಿಯಬಾರದು. ಹಾಗಂತ ಸುಮ್ನೆ ಜಾಸ್ತಿ ಇಟ್ಟರೂ ನಷ್ಟ. ಈ ದುಡ್ಡಿಗೆ ಆರ್‌ಬಿಐ ಬಡ್ಡಿ ಕೊಡುವುದಿಲ್ಲ. 100 ಕೋಟಿ ಹೆಚ್ಚಿಗೆ ಮಲಗಿದರೆ, ಅದನ್ನು ಬ್ಯಾಂಕುಗಳು ಹೆಚ್ಚಿನ ದುಡ್ಡನ್ನು ಬಡ್ಡಿಗೆ ಆರ್‌ಬಿಐನಲ್ಲೇ ಇಡುವ ಎಸ್‌ಡಿಎಫ್‌ನಲ್ಲಿ ಆಗಿನ ಶೇ 6.25ಕ್ಕೆ ಇಟ್ಟಿದ್ದರೆ ಬರುತ್ತಿದ್ದ ಒಂದು ರಾತ್ರಿಯ 1.71 ಲಕ್ಷ ಹೋಯಿತು.

ಅವತ್ತಿಗೆ ಹದಿನಾಲ್ಕರಲ್ಲಿ ಒಂಬತ್ತು ದಿನ ಮುಗಿದಿದ್ದವು. ಸರಾಸರಿ 410 ಇಟ್ಟಿದ್ದೆವು. ಹಾಗಾಗಿ ಉಳಿದ ಐದು ದಿನ 382ರ ಸರಾಸರಿ ಸಾಕಿತ್ತು. ಬೆಳಿಗ್ಗೆ ಖಾತೆಯಲ್ಲಿ 410 ಇತ್ತು. ಆದರೆ 20ನೇ ತಾರೀಖು ಸಾಮಾನ್ಯವಾಗಿ ಜಿಎಸ್‌ಟಿ ಕಟ್ಟುವ ಕೊನೆಯ ದಿನ. ಆ ತಿಂಗಳು ಅದನ್ನು 22ಕ್ಕೆ ಮುಂದೂಡಿದ್ದರೂ ಅವತ್ತೇ ನಮ್ಮ ಗ್ರಾಹಕರ ಸುಮಾರು 70 ಕೋಟಿ ಹೋಗುತ್ತೆ ಅಂತ ಅಂದಾಜು ಮಾಡಿದ್ದೆ.

ಆ ದುಡ್ಡು ಇನ್ನೊಂದು ಬ್ಯಾಂಕಿಗೆ ಹೋಗುವುದಲ್ಲ, ಆರ್‌ಬಿಐನಲ್ಲಿರುವ ಸರ್ಕಾರದ ಖಾತೆಗೆ ಹೋಗುತ್ತದೆ. ಸರ್ಕಾರ ಖರ್ಚು ಮಾಡುವ ತನಕ ಬ್ಯಾಂಕುಗಳ ಕೈಗೆ ವಾಪಸ್ ಬರುವುದಿಲ್ಲ. ಹಾಗಾಗಿ ಅವತ್ತು ಎಲ್ಲ ಬ್ಯಾಂಕಿಗೂ ಒಟ್ಟಿಗೇ ದುಡ್ಡು ಬೇಕಾಗುತ್ತದೆ. ಒಬ್ಬರ ಹತ್ತಿರ ಇನ್ನೊಬ್ಬರು ಕೇಳಿದರೆ ಬ್ಯಾಂಕುಗಳು ತಮ್ಮೊಳಗೆ ಒಂದು ರಾತ್ರಿಗೆ ಕೊಡುವ ಸಾಲದ ಬಡ್ಡಿ, ಅಂದರೆ ಕಾಲ್ ದರ, ಏರುತ್ತದೆ, ಅಷ್ಟೇ. ಒಟ್ಟು ದುಡ್ಡು ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಹೆಚ್ಚಿಸುವುದು ಆರ್‌ಬಿಐಗೆ ಮಾತ್ರ ಸಾಧ್ಯ. ಆ ತಿಂಗಳು ಕೊರತೆ ಜೋರಾಗಿತ್ತು. ಅದಕ್ಕೇ ಆರ್‌ಬಿಐ 16ನೇ ತಾರೀಖಿನಿಂದ ದಿನಾ ವೇರಿಯಬಲ್ ರೇಟ್ ರೆಪೊ ಹರಾಜು ನಡೆಸಿ, ಬಾಂಡ್ ಅಡ ಇಟ್ಟುಕೊಂಡು ಸಾಲ ಕೊಡುತ್ತಿತ್ತು. ಬೆಳಿಗ್ಗೆ ಅದರಲ್ಲಿ 40 ಕೋಟಿಗೆ ಬಿಡ್ ಹಾಕಿದೆ, ಸಿಕ್ಕಿತು. 410ರಲ್ಲಿ 70 ಹೋಗಿ 40 ಬಂದರೆ 380. ನೆಮ್ಮದಿಯಾಗಿತ್ತು.

ಸಂಜೆ ಐದರ ಹೊತ್ತಿಗೆ ಬ್ಯಾಡಗಿ ಶಾಖೆಯಿಂದ ಫೋನ್ ಬಂತು. "ಸರ್, ಮೆಣಸಿನಕಾಯಿ ಖರೀದಿ ಜೋರ್ ಐತ್ರಿ. ದಲಾಲಿ ಅಂಗಡಿಯವ್ರು ರೈತರಿಗೆ ಆರ್‌ಟಿಜಿಎಸ್ ಮಾಡ್ಯಾರ. ಮೂವತ್ತೈದು ಕೋಟಿ ಹೋಗೇತ್ರಿ."

380 ಹೋಗಿ 345 ಆಯಿತು. ಕನಿಷ್ಠಕ್ಕಿಂತ 15 ಕಡಿಮೆ. ಕಾಲ್ ಮಾರುಕಟ್ಟೆ ಆಗ ಐದಕ್ಕೇ ಮುಚ್ಚುತ್ತಿತ್ತು. ಉಳಿದದ್ದು ಎಂಎಸ್‌ಎಫ್ ಒಂದೇ. ಸಂಜೆ ಐದೂವರೆಯಿಂದ ರಾತ್ರಿವರೆಗೆ ತೆರೆದಿದ್ದು ಬ್ಯಾಂಕುಗಳಿಗೆ ಒಂದು ರಾತ್ರಿಯ ಸಾಲ ಕೊಡುವ ಆರ್‌ಬಿಐ ಕಿಟಕಿ ಅದು, ಆಗ ದರ ಶೇ 6.75 ಇತ್ತು. ಬ್ಯಾಂಕು ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದ ಸರ್ಕಾರಿ ಬಾಂಡಿನಂಥ ಆಸ್ತಿಯ ಪಾಲು ಎಸ್‌ಎಲ್‌ಆರ್. ರೆಪೊಗೆ ಅಡ ಇಡಲು ಅದಕ್ಕಿಂತ ಮೇಲಿನ ಬಾಂಡ್ ಬೇಕು. ನಮ್ಮ ಹತ್ತಿರ ಹೆಚ್ಚಿಗೆ ಇದ್ದದ್ದು ಬೆಳಿಗ್ಗೆಯ 40 ಕೋಟಿಗೇ ಮುಗಿದಿತ್ತು. ಎಂಎಸ್‌ಎಫ್‌ನಲ್ಲಿ ಮಾತ್ರ, ಠೇವಣಿಯ ಶೇ 2ರಷ್ಟರವರೆಗೆ, ಎಸ್‌ಎಲ್‌ಆರ್ ಬಾಂಡನ್ನೇ ಇಡಬಹುದು. ಅದೇ ನಮ್ಮನ್ನು ಉಳಿಸಿತು.

ಎಷ್ಟು ತೆಗೆದುಕೊಳ್ಳಬೇಕು? ನನ್ನ ಜೊತೆಗಾರ 37 ಕೋಟಿ ತೆಗೆದುಕೊಂಡು 382 ಮಾಡೋಣ ಅಂದ. ನಾನು ಬೇಡ ಅಂದೆ. ಸರಾಸರಿಯನ್ನು ಮುಂದಿನ ದಿನಗಳಲ್ಲಿ ಸರಿದೂಗಿಸಬಹುದು, 360ರ ಗೆರೆಯನ್ನು ಮಾತ್ರ ಅವತ್ತೇ ದಾಟಬೇಕು. ರಾತ್ರಿ ಸಣ್ಣಪುಟ್ಟ ಪಾವತಿ ಹೋದರೂ ಇರಲಿ ಅಂತ 20 ಕೋಟಿ ತೆಗೆದುಕೊಂಡೆವು. 365 ಆಯಿತು. ಬಡ್ಡಿ ಸುಮಾರು 37,000 ರೂಪಾಯಿ. ಉಳಿದ ನಾಲ್ಕು ದಿನ 386ರ ಮೇಲೆ ಸ್ವಲ್ಪ ಇಟ್ಟರೆ ಹದಿನಾಲ್ಕು ದಿನದ ಲೆಕ್ಕ ಸರಿಹೋಗುತ್ತಿತ್ತು, ಹಾಗೇ ಮಾಡಿದೆವು. ತಪ್ಪಿದ್ದರೆ ಆ ಕೊರತೆಗೆ ಆರ್‌ಬಿಐನ ಬ್ಯಾಂಕ್ ದರಕ್ಕಿಂತ ಶೇ 3 ಹೆಚ್ಚಿನ ದಂಡದ ಬಡ್ಡಿ ಬೀಳುತ್ತಿತ್ತು. ಮೆಣಸಿನಕಾಯಿ ಸೀಸನ್ನಿನಲ್ಲಿ ಮಧ್ಯಾಹ್ನವೇ ಬ್ಯಾಡಗಿಗೆ ಫೋನ್ ಮಾಡದೆ ಇದ್ದದ್ದು ನನ್ನ ತಪ್ಪು. ಮರುದಿನದಿಂದ ಮೂರು ಗಂಟೆಗೆ ದೊಡ್ಡ ಶಾಖೆಗಳಿಗೆಲ್ಲ ನಾನೇ ಫೋನ್ ಮಾಡತೊಡಗಿದೆ.

ಒಂದು ವಾರ ಕಳೆದ ಮೇಲೆ, 27ರಂದು, ಆರ್‌ಬಿಐ 60,000 ಕೋಟಿಯ ಸರ್ಕಾರಿ ಬಾಂಡ್ ಖರೀದಿಸುವುದಾಗಿ ಹೇಳಿತು. ಮೂರು ಕಂತು, ಮೊದಲನೆಯದು 30ಕ್ಕೆ. ದಿನಾ ಕೊಡುವ ರೆಪೊ ದುಡ್ಡು ಮರುದಿನ ವಾಪಸ್ ಹೋಗುತ್ತದೆ, ಬೆಳಿಗ್ಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಬಾಂಡ್ ಕೊಂಡು ಕೊಟ್ಟ ದುಡ್ಡನ್ನು ಹಾಗೆ ತಿರುಗಿಸಬೇಕಾಗಿಲ್ಲ. ನಮ್ಮ ಮ್ಯಾನೇಜರ್ ನಾವೂ ಒಂದಷ್ಟು ಮಾರೋಣ ಅಂದರು. ಅವರ ಎದುರೇ ಲೆಕ್ಕ ಹಾಕಿದೆ: ಮಾರಬಹುದಾದದ್ದು ಆ 40 ಕೋಟಿಗೆ ಅಡ ಇಡುವ ಬಾಂಡೇ. ಮಾರಿದರೆ ದುಡ್ಡು ಒಮ್ಮೆ ಬರುತ್ತದೆ, ಆದರೆ ಮುಂದಿನ ಜಿಎಸ್‌ಟಿ ದಿನ ರೆಪೊಗೆ ಇಡಲು ಕೈಯಲ್ಲಿ ಏನೂ ಇರುವುದಿಲ್ಲ. ಅವರು ಒಪ್ಪಿದರು, ಮಾರಲಿಲ್ಲ.