ಈ ಅಂಕಿಗಳಿಗೆ ಗ್ರಾಫ್ ಬರುತ್ತಾ? ಪರೀಕ್ಷಿಸುವುದು ಹೀಗೆ

ಕಲಬುರಗಿಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಟ್ಯೂಷನ್ ಹೇಳುವಾಗ ಪ್ರತಿ ವರ್ಷ ಒಂದೇ ತಪ್ಪು ನೋಡುತ್ತೇನೆ. ಅಂಕಿಗಳ ಪಟ್ಟಿ ಕೊಟ್ಟು ಸಿಂಪಲ್ ಗ್ರಾಫ್ ಇದೆಯಾ ಎಂದು ಕೇಳಿದರೆ ಚೆನ್ನಾಗಿಯೇ ಶುರು ಮಾಡುತ್ತಾರೆ, ಎರಡನೇ ಸಾಲಿನಲ್ಲಿ ಎಡವುತ್ತಾರೆ.

ಇಲ್ಲಿ ಗ್ರಾಫ್ ಎಂದರೆ ಚುಕ್ಕಿಗಳು ಮತ್ತು ಅವನ್ನು ಸೇರಿಸುವ ಗೆರೆಗಳು. ಚುಕ್ಕಿಗೆ ಸೇರಿದ ಗೆರೆಗಳ ಎಣಿಕೆಯೇ ಅದರ ಡಿಗ್ರಿ. ಪಟ್ಟಿಯ ಒಂದೊಂದು ಅಂಕಿಯೂ ಒಂದೊಂದು ಚುಕ್ಕಿಯ ಡಿಗ್ರಿ. ಸಿಂಪಲ್ ಎಂದರೆ ಎರಡು ಚುಕ್ಕಿಗಳ ನಡುವೆ ಒಂದಕ್ಕಿಂತ ಜಾಸ್ತಿ ಗೆರೆ ಇರಬಾರದು, ಯಾವ ಚುಕ್ಕಿಯೂ ತನಗೆ ತಾನೇ ಸೇರಬಾರದು.

ಮೊದಲು ಅಂಕಿಗಳನ್ನು ಕೂಡಿ. ಪ್ರತಿ ಗೆರೆಗೂ ಎರಡು ತುದಿ, ಹಾಗಾಗಿ ಬೆಸ ಬಂದರೆ ಅಲ್ಲಿಗೇ ಮುಗಿಯಿತು. ಸಮ ಬಂದರೆ ಮುಂದೆ ಹೋಗಬಹುದು, ಅಷ್ಟೇ. 'ಮೊತ್ತ ಸಮ, ಆದ್ದರಿಂದ ಗ್ರಾಫ್ ಇದೆ' ಎಂದು ಬರೆದ ಗೈಡ್ ಒಂದು ನನ್ನ ಕೈಗೆ ಸಿಕ್ಕಿತ್ತು. ಅಂಥದ್ದನ್ನು ರದ್ದಿಗೆ ಹಾಕಿ.

ಈಗ ಹಾವೆಲ್ (1955) ಮತ್ತು ಹಕಿಮಿ (1962) ತೋರಿಸಿದ ದಾರಿ. ಸುಮ್ನೆ ಲೆಕ್ಕಕ್ಕೆ ಐದು ಊರುಗಳನ್ನು ಚುಕ್ಕಿಗಳು ಅಂತ ತಗೊಳ್ಳಿ: ಆಳಂದ 3, ಸೇಡಂ 3, ಜೇವರ್ಗಿ 2, ಚಿತ್ತಾಪುರ 2, ಅಫಜಲಪುರ 2. ದೊಡ್ಡ ಅಂಕಿ ಮೊದಲು ಇರಬೇಕು. ಆಳಂದದ 3 ಅನ್ನು ತೆಗೆದು, ಅದರ ಮುಂದಿನ ಮೂರು ಅಂಕಿಗಳಲ್ಲಿ ಒಂದೊಂದು ಕಳೆಯಿರಿ. ಉಳಿದದ್ದು 2, 1, 1, 2.

ಎಡವುವುದು ಇಲ್ಲೇ. ಅವಸರದಲ್ಲಿ ಇದೇ ಸಾಲನ್ನು ಮುಂದುವರಿಸಿದರೆ ಮೊದಲ 2 ಹೋಗಿ 0, 0, 2 ಬರುತ್ತದೆ. ಕೊನೆಯ ಊರಿಗೆ ಇನ್ನೂ ಎರಡು ಗೆರೆ ಬೇಕು, ಕೊಡುವವರು ಯಾರೂ ಇಲ್ಲ. 'ಗ್ರಾಫ್ ಇಲ್ಲ' ಎಂದು ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಗ್ರಾಫ್ ಇದೆ! ಪ್ರತಿ ಸಲ ಕಳೆದ ಮೇಲೆ ಮತ್ತೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಬೇಕು: 2, 2, 1, 1. ಈಗ 2 ತೆಗೆದರೆ 1, 0, 1. ಮತ್ತೆ ಜೋಡಿಸಿ: 1, 1, 0. ಇನ್ನೊಮ್ಮೆ ಕಳೆದರೆ 0, 0. ಎಲ್ಲ ಸೊನ್ನೆಯಾದರೆ ಗ್ರಾಫ್ ಇದೆ ಎಂದರ್ಥ.

ಬರೀ ಅಂಕಿ ಬರೆಯಬೇಡಿ, ಪಕ್ಕದಲ್ಲಿ ಊರಿನ ಹೆಸರೂ ಇರಲಿ. ಜೋಡಿಸುವಾಗ ಅಂಕಿ ಜಾಗ ಬದಲಿಸುತ್ತದೆ, ಯಾವುದು ಯಾರದ್ದೆಂದು ಮರೆತುಹೋಗುತ್ತದೆ ಅಲ್ವಾ? ಹೆಸರಿದ್ದರೆ ಕಳೆಯುತ್ತಾ ಹೋದಂತೆ ಚಿತ್ರವೂ ಸಿಗುತ್ತದೆ. ಆಳಂದದಿಂದ ಸೇಡಂ, ಜೇವರ್ಗಿ, ಚಿತ್ತಾಪುರಕ್ಕೆ ಮೂರು ಗೆರೆ. ಸೇಡಂನಿಂದ ಅಫಜಲಪುರ, ಜೇವರ್ಗಿಗೆ ಎರಡು. ಅಫಜಲಪುರದಿಂದ ಚಿತ್ತಾಪುರಕ್ಕೆ ಒಂದು. ಒಟ್ಟು ಆರು ಗೆರೆ, ಮೊತ್ತ 12ರ ಅರ್ಧ. ತಾಳೆಯಾಯಿತು. ಇದೊಂದೇ ಗ್ರಾಫ್ ಎಂದು ಮಾತ್ರ ತಿಳಿಯಬೇಡಿ. ಒಂದೇ ಪಟ್ಟಿಗೆ ಬೇರೆ ಬೇರೆ ಗ್ರಾಫ್ ಇರಬಹುದು.

ನಿಜವಾಗಿ ಸೋಲುವ ಪಟ್ಟಿಯನ್ನೂ ನೋಡಿ: 4, 4, 4, 2, 2. ಮೊತ್ತ 16, ಸಮವೇ. ಮೊದಲ ಸುತ್ತಿನಲ್ಲಿ 3, 3, 1, 1. ಎರಡನೆಯದರಲ್ಲಿ 2, 0, 0. ಈ 2ಕ್ಕೆ ಎರಡು ಗೆರೆ ಕೊಡಲು ಹೋದರೆ ಸೊನ್ನೆಗಳು −1 ಆಗುತ್ತವೆ, ಅಲ್ಲಿಗೆ ನಿಲ್ಲಿಸಿ. ಕಾರಣ ಕಣ್ಣಿಗೇ ಕಾಣುತ್ತದೆ. ಐದರಲ್ಲಿ ಮೂರು ಊರು ಉಳಿದೆಲ್ಲ ಊರುಗಳಿಗೂ ಸೇರಬೇಕು, ಅಂದ ಮೇಲೆ ಯಾವ ಊರಿಗೂ ಮೂರಕ್ಕಿಂತ ಕಡಿಮೆ ಗೆರೆ ಇರಲು ಸಾಧ್ಯವಿಲ್ಲ. ಪಟ್ಟಿಯಲ್ಲಿ ಎರಡು ಊರಿಗೆ ಬರೀ 2 ಇದೆ.