ಹೂ ಮುಗಿದ ಸುಗಂಧರಾಜದ ಕುಂಡ: ಮರಿಗಡ್ಡೆಗಳನ್ನು ನಾನು ಬೆಳೆಸುವ ಬಗೆ

ಸುಗಂಧರಾಜದ ಮೊಗ್ಗುಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತವೆ. ತುದಿಯ ಮೊಗ್ಗೂ ಅರಳಿ ಬಾಡಿದ ಮೇಲೆ ಕುಂಡದಲ್ಲಿ ಉಳಿಯುವುದು ಉದ್ದನೆಯ ಎಲೆಗಳು ಮಾತ್ರ. ನೋಡಲು ಏನೂ ಇಲ್ಲವೆಂದು ಆಗ ಕುಂಡವನ್ನು ನೆರಳಿನ ಮೂಲೆಗೆ ಸರಿಸಿಬಿಡುವವರೇ ಹೆಚ್ಚು. ಮುಂದಿನ ಸಲ ಹೂ ಬರಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಆ ತಿಂಗಳುಗಳಲ್ಲೇ. ಹಾಗಾಗಿ ನಾನು ಹೂವಿದ್ದಾಗ ಎಷ್ಟು ಗಮನ ಕೊಡುತ್ತೇನೋ ಹೂ ಹೋದ ಮೇಲೂ ಅಷ್ಟೇ ಕೊಡುತ್ತೇನೆ.

ಮೊದಲು ತಿಳಿದಿರಬೇಕಾದದ್ದು ಇಷ್ಟು: ಒಮ್ಮೆ ಹೂ ಬಿಟ್ಟ ಸುಗಂಧರಾಜದ ಗಡ್ಡೆ ಮತ್ತೆ ಹೂ ಬಿಡುವುದಿಲ್ಲ. ಗಡ್ಡೆಯ ನಡುವಿನ ಸುಳಿಯೇ ಉದ್ದವಾಗಿ ಹೂದಂಡಾಗುತ್ತದೆ. ದಂಡು ಒಣಗಿದರೆ ಆ ಸುಳಿಯ ಆಯುಸ್ಸು ಮುಗಿಯಿತು. ಕತ್ತಾಳೆಯ ಬಂಧುವಾದ ಈ ಗಿಡದ ಸ್ವಭಾವವೇ ಹಾಗೆ. ಆದರೆ ತಾಯಿಗಡ್ಡೆಯ ಪಕ್ಕದ ಮೊಗ್ಗುಗಳಿಂದ ಮರಿಗಡ್ಡೆಗಳು ಹುಟ್ಟಿ, ಅದರ ಸುತ್ತ ಒತ್ತಾಗಿ ಬೆಳೆಯುತ್ತಿರುತ್ತವೆ. ನಾವು ಆರೈಕೆ ಮಾಡಬೇಕಾದದ್ದು ಅವುಗಳನ್ನು. ಹಳೆಯ ಗಡ್ಡೆಯನ್ನೇ ಮತ್ತೆ ಮತ್ತೆ ನೆಟ್ಟು, ಎಲೆ ಬರುತ್ತದೆ ಹೂ ಬರುವುದಿಲ್ಲ ಎಂದು ಬೇಸರಪಡುವವರ ತೊಂದರೆ ಬಹುಪಾಲು ಇಲ್ಲೇ ಇರುತ್ತದೆ.

ಹೂ ಬಾಡಿದ ಕೂಡಲೇ ದಂಡನ್ನು ಮಾತ್ರ ಕತ್ತರಿಸುತ್ತೇನೆ. ಬುಡದಲ್ಲಿ ಎರಡು ಬೆರಳಿನಷ್ಟು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ ಕತ್ತರಿಸುವುದು ರೂಢಿ. ಆ ಮೋಟನ್ನು ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ತಿಂಗಳುಗಳ ನಂತರ ಗಡ್ಡೆ ಅಗೆದಾಗ, ಹೂ ಬಿಟ್ಟು ಮುಗಿಸಿದ ತಾಯಿ ಯಾವುದೆಂದು ಆ ಒಣ ಮೋಟೇ ತೋರಿಸುತ್ತದೆ. ಹಸಿರೆಲೆಯೊಂದನ್ನೂ ಮುಟ್ಟುವುದಿಲ್ಲ. ಎಲೆಗಳು ಉದ್ದವಾಗಿ ಜೋತುಬಿದ್ದರೆ ಕೆಲವರು ಅಂದಕ್ಕೆಂದು ಸವರುತ್ತಾರೆ, ಗಂಟು ಕಟ್ಟುತ್ತಾರೆ. ಮರಿಗಡ್ಡೆ ದಪ್ಪವಾಗುವುದು ಎಲೆಗಳು ಬಿಸಿಲಿನಲ್ಲಿ ತಯಾರಿಸುವ ಆಹಾರದಿಂದಲೇ. ಸವರಿದಷ್ಟೂ ಗಡ್ಡೆ ಸಣ್ಣದಾಗುತ್ತದೆ.

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗದಿಂದ ಕುಂಡವನ್ನು ಕದಲಿಸುವುದಿಲ್ಲ. ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲೆ ನೀರು ಕೊಡುತ್ತೇನೆ. ಮಣ್ಣಿಗೆ ಒಂದು ಹಿಡಿ ಎರೆಗೊಬ್ಬರ ಬೆರೆಸಿ, ಎರಡು ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ ಎರಡು ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಕರಗಿಸಿ ಹಾಕುತ್ತೇನೆ. ಈ ಹಂತದಲ್ಲಿ ಯೂರಿಯಾದಂಥ ಸಾರಜನಕದ ಗೊಬ್ಬರ ಬೇಡ. ಎಲೆ ಸೊಂಪಾಗಿ ಬೆಳೆದು ಕಣ್ಣಿಗೆ ಹಬ್ಬವಾಗುತ್ತದೆ, ಗಡ್ಡೆ ಮಾತ್ರ ಹಿಂದೆ ಬೀಳುತ್ತದೆ.

ಹವೆ ತಂಪಾಗುತ್ತಾ ಬಂದಂತೆ ಎಲೆಗಳು ಹಳದಿಯಾಗುತ್ತವೆ. ಗಾಬರಿಯಾಗಿ ನೀರು ಹೆಚ್ಚಿಸುವ ಮುನ್ನ ಹಳದಿ ಎಂಥದ್ದೆಂದು ನೋಡಬೇಕು. ವಿಶ್ರಾಂತಿಯ ಹಳದಿ ಹೊರಗಿನ ಹಳೆಯ ಎಲೆಗಳ ತುದಿಯಲ್ಲಿ ಶುರುವಾಗಿ ನಿಧಾನವಾಗಿ ಕೆಳಗಿಳಿಯುತ್ತದೆ. ಆ ಭಾಗ ಕಾಗದದ ಹಾಗೆ ಒಣಗಿ ಸರಸರ ಎನ್ನುತ್ತದೆ. ಕೊಳೆಯ ಹಳದಿ ಬುಡದಿಂದ ಏಳುತ್ತದೆ. ಎಲೆಯನ್ನು ಮೆಲ್ಲಗೆ ಎಳೆದರೆ ಬುಡಸಮೇತ ಕಿತ್ತು ಬರುತ್ತದೆ, ಕಿತ್ತ ಜಾಗ ಕಂದಾಗಿ ಲೋಳೆಯಾಗಿರುತ್ತದೆ, ಮೂಗಿಗೆ ಹುಳಿ ವಾಸನೆ ಬಡಿಯುತ್ತದೆ. ಹಾಗಿದ್ದರೆ ಕಾಯದೆ ಅಂದೇ ಕುಂಡ ಮಗುಚಿ, ಮೆತ್ತಗಾದ ಗಡ್ಡೆಗಳನ್ನು ಎಸೆದು, ಗಟ್ಟಿಯಾದವನ್ನು ಒಣಗಿಸಿ ಹೊಸ ಮಣ್ಣಿಗೆ ಹಾಕಬೇಕು.

ವಿಶ್ರಾಂತಿಯ ಹಳದಿಯಾದರೆ ಗೊಬ್ಬರ ನಿಲ್ಲಿಸಿ, ನೀರಿನ ಅಂತರವನ್ನು ಹೆಚ್ಚಿಸುತ್ತಾ ಹೋಗಿ, ಮುಕ್ಕಾಲು ಭಾಗ ಎಲೆ ಒಣಗಿದಾಗ ಪೂರ್ತಿ ನಿಲ್ಲಿಸುತ್ತೇನೆ. ಚಳಿ ಕಡಿಮೆಯಿರುವ ಕಡೆ ಎಲ್ಲ ಎಲೆಗಳೂ ಒಣಗುವುದಿಲ್ಲ. ಅಲ್ಲಿ ನೀರನ್ನು ಕ್ರಮೇಣ ತಗ್ಗಿಸಿ ನಾವೇ ಗಿಡವನ್ನು ವಿಶ್ರಾಂತಿಗೆ ಕಳಿಸಬೇಕು. ಇದು ತಪ್ಪಿದರೆ ಗಿಡ ಸಾಯುವುದೇನೂ ಇಲ್ಲ, ಆದರೆ ಮುಂದಿನ ಹೂಗಳು ಒಂದೊಂದಾಗಿ ಹಿಂದೆಮುಂದೆ ಬರುತ್ತವೆ.

ಕಳೆದ ಸಲ ಮಗುಚಿದ ಒಂದು ಹತ್ತು ಇಂಚಿನ ಕುಂಡದ ಲೆಕ್ಕ ಹೇಳುತ್ತೇನೆ. ಮಣ್ಣು ಉದುರಿಸಿದಾಗ ಸಿಕ್ಕಿದ್ದು ಒಂದಕ್ಕೊಂದು ಅಂಟಿಕೊಂಡ ಗಡ್ಡೆಗಳ ಗೊಂಚಲು. ನಡುವೆ ಒಣ ಮೋಟಿನ ತಾಯಿಗಡ್ಡೆ. ಹೆಬ್ಬೆರಳಿನಿಂದ ಒತ್ತಿದರೆ ಹಗುರ, ಸಡಿಲ. ಸುತ್ತಲಿನ ಮರಿಗಳನ್ನು ಕೈಯಿಂದಲೇ ತಿರುಚಿ ಬಿಡಿಸಿದೆ. ಬಿಡಲೊಲ್ಲದ ಕಡೆ, ಪ್ರತಿ ಮರಿಗೂ ತಳದ ಗಟ್ಟಿ ಭಾಗದ ಚೂರೊಂದು ಬರುವ ಹಾಗೆ ಚಾಕುವಿನಿಂದ ಕತ್ತರಿಸಿದೆ, ಏಕೆಂದರೆ ಬೇರು ಹೊರಡುವುದು ಅಲ್ಲಿಂದ. ನಾಲ್ಕು ಮರಿಗಳು ಎರಡೂವರೆ ಸೆಂಟಿಮೀಟರ್ ದಪ್ಪ ಮೀರಿದ್ದವು, ಕೈಗೆ ತೂಕವಾಗಿದ್ದವು, ತುದಿ ಚೂಪಾಗಿತ್ತು. ಅವು ಹೂವಿನ ಕುಂಡಕ್ಕೆ ಹೋಗುವವು. ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಆರೇಳು ಮರಿಗಳನ್ನು ಬೇರೆ ಇಟ್ಟೆ. ಕಡಲೆಯಷ್ಟಿದ್ದ ಪುಡಿ ಮರಿಗಳನ್ನೂ ತಾಯಿಗಡ್ಡೆಯನ್ನೂ ಬಿಟ್ಟುಕೊಟ್ಟೆ. ಜಾಗವಿದ್ದರೆ ಪುಡಿ ಮರಿಗಳನ್ನೂ ಬೆಳೆಸಬಹುದು, ಕುಂಡದಲ್ಲಿ ಬೆಳೆಸುವವರಿಗೆ ಅದು ಲಾಭವಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಡಿಸುವಾಗ ಬೇರುಗಳನ್ನು ತಪ್ಪದೆ ನೋಡುತ್ತೇನೆ. ಬೇರಿನ ಉದ್ದಕ್ಕೂ ಸಣ್ಣ ಗಂಟುಗಳಿದ್ದರೆ ಅದು ಕಣ್ಣಿಗೆ ಕಾಣದ ಜಂತುಹುಳುಗಳ ಕೆಲಸ. ಅಂಥ ಕುಂಡದ ಮಣ್ಣನ್ನೂ ಗಡ್ಡೆಯನ್ನೂ ಮತ್ತೆ ಬಳಸುವುದಿಲ್ಲ. ಪದರಗಳ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟುತಿಗಣೆ. ಒಣ ಸಿಪ್ಪೆ ಸುಲಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೊಳೆದು ಒಣಗಿಸಿದರೆ ಗಡ್ಡೆ ಉಳಿಯುತ್ತದೆ.

ಆರಿಸಿದ ಗಡ್ಡೆಗಳ ಬೇರನ್ನು ಮೊಟಕು ಮಾಡಿ, ಗಾಳಿಯಾಡುವ ನೆರಳಿನಲ್ಲಿ ಒಂದರ ಮೇಲೊಂದು ಬೀಳದಂತೆ ಹರಡುತ್ತೇನೆ. ಕತ್ತರಿಸಿದ ಗಾಯ ಒಣಗಿ ಗಟ್ಟಿಯಾದ ಮೇಲೆ ಕಾಗದದ ಚೀಲದಲ್ಲಿ ನಾಲ್ಕರಿಂದ ಆರು ವಾರ ಇಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಫ್ರಿಜ್ ಅಂತೂ ಬೇಡವೇ ಬೇಡ. ಬೆಚ್ಚನೆಯ ನಾಡಿನ ಈ ಗಡ್ಡೆಗೆ ಆ ಥಂಡಿ ಕೇಡು.

ಲಿಲ್ಲಿಯ ವಿಷಯ ಇದಕ್ಕೆ ತಿರುಗಾಮುರುಗಾ. ಏಷಿಯಾಟಿಕ್, ಓರಿಯಂಟಲ್ ಲಿಲ್ಲಿಗಳ ಗಡ್ಡೆಗೆ ಈರುಳ್ಳಿಗಿರುವಂಥ ಹೊರ ಸಿಪ್ಪೆ ಇಲ್ಲ. ಬರಿಯ ಎಸಳುಗಳ ಆ ಗಡ್ಡೆ ತೆರೆದಿಟ್ಟರೆ ಸೊರಗುತ್ತದೆ. ಅದನ್ನು ತೇವ ಆರದ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ ಇಡಬೇಕು, ಮತ್ತೆ ಹೂ ಬರಲು ಅದಕ್ಕೆ ಕೆಲವು ವಾರಗಳ ಥಂಡಿಯೂ ಬೇಕು. ಎರಡಕ್ಕೂ ಒಂದೇ ಆರೈಕೆ ಮಾಡಿದರೆ ಒಂದು ಉಳಿದು ಇನ್ನೊಂದು ಹೋಗುತ್ತದೆ.

ಹವೆ ಬೆಚ್ಚಗಾದಾಗ ದಪ್ಪ ಗಡ್ಡೆಗಳನ್ನು ಹತ್ತು ಇಂಚಿನ ಕುಂಡಕ್ಕೆ ಮೂರರಂತೆ, ತುದಿಯ ಮೇಲೆ ಒಂದೂವರೆ ಇಂಚು ಮಣ್ಣು ಬರುವಂತೆ ನೆಡುತ್ತೇನೆ. ನೆಟ್ಟ ದಿನ ಚೆನ್ನಾಗಿ ನೀರು. ಮೊಳಕೆ ಕಾಣುವವರೆಗೆ ಮಣ್ಣು ಪೂರ್ತಿ ಒಣಗದಷ್ಟು ಮಾತ್ರ. ಈ ಅವಧಿಯಲ್ಲಿ ಗಡ್ಡೆಗೆ ಬೇರಿಲ್ಲ, ಸುರಿದ ನೀರೆಲ್ಲ ಕೊಳೆಗೇ ದಾರಿ. ಮಧ್ಯಮ ಮರಿಗಳು ಅಗಲವಾದ ಬೇರೊಂದು ಕುಂಡದಲ್ಲಿ ನಾಲ್ಕು ಬೆರಳಿನ ಅಂತರದಲ್ಲಿ ಬೆಳೆಯುತ್ತವೆ. ಅವುಗಳಿಂದ ಆ ವರ್ಷ ಎಲೆಯನ್ನಷ್ಟೇ ನಿರೀಕ್ಷಿಸುತ್ತೇನೆ. ಬಿಸಿಲು, ಗೊಬ್ಬರ, ವಿಶ್ರಾಂತಿ ಎಲ್ಲವೂ ಹೂವಿನ ಕುಂಡಕ್ಕಿದ್ದಷ್ಟೇ ಸಿಕ್ಕರೆ ಅಗೆಯುವ ಹೊತ್ತಿಗೆ ಬಹುತೇಕವು ಎರಡೂವರೆ ಸೆಂಟಿಮೀಟರ್ ದಾಟಿ, ಮುಂದಿನ ಬೆಚ್ಚನೆಯ ಕಾಲದಲ್ಲಿ ಹೂವಿನ ಕುಂಡ ಸೇರುತ್ತವೆ.