ಮಾನಿಟರಿನ ಒಂದು ಫೋಟೋ ಸಾಲದು

ಐಸಿಯುವಿನಲ್ಲಿ ಹದಿನೆಂಟು ವರ್ಷ ನರ್ಸ್ ಆಗಿ ದುಡಿದ ನನಗೆ ಬಂಧುಗಳಿಂದ ರೋಗಿಯ ಪಕ್ಕದ ಮಾನಿಟರಿನ ಫೋಟೋಗಳು ಬರುತ್ತಲೇ ಇರುತ್ತವೆ. ಫೋಟೋ ನೋಡಿ ಏನೂ ಹೇಳಬಾರದೆಂದು ಜೊತೆಯವರು ವಾದಿಸುತ್ತಿದ್ದರು; ಅದಕ್ಕೆ ಕಾರಣವೂ ಇತ್ತು. ಒಮ್ಮೆ 118/70 ಎಂಬ ಬಿಪಿ ಕಂಡು "ಚೆನ್ನಾಗಿದೆ" ಎಂದುಬಿಟ್ಟಿದ್ದೆ. ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದ ಸಮಯ ನೋಡಿರಲಿಲ್ಲ, ಅದು ಮುಕ್ಕಾಲು ಗಂಟೆ ಹಿಂದಿನ ಅಳತೆ. ಮತ್ತೆ ಅಳೆದಾಗ ಮೇಲಿನ ಅಂಕಿ 90ಕ್ಕಿಂತ ಕಡಿಮೆಯಿತ್ತು. ಇನ್ನೊಮ್ಮೆ ಆಕ್ಸಿಜನ್ ಎಪ್ಪತ್ತರ ಆಸುಪಾಸು ಕಂಡು ನಾನು ಗಾಬರಿಗೊಂಡದ್ದರಿಂದ, ರೋಗಿಯ ಮಗ ಹತ್ತು ಹನ್ನೊಂದು ಸಾವಿರ ಕೊಟ್ಟು ವಿಮಾನದಲ್ಲಿ ಬಂದ. ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ ಜಾರಿತ್ತು, ಅಷ್ಟೇ.

ಆಮೇಲಿಂದ ಇಡೀ ಪರದೆ ಕಾಣುವಂತೆ, ಅರ್ಧ ನಿಮಿಷದ ಅಂತರದಲ್ಲಿ ಮೂರು ಫೋಟೋ ಕೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮನ ಮಗ ಕರೆ ಮಾಡಿ, "ಅಕ್ಕಾ, ಅಮ್ಮನ ಆಕ್ಸಿಜನ್ 74ಕ್ಕೆ ಇಳಿದಿದೆ, ಅಂಕಿ ಕೆಂಪಾಗಿ ಮಿನುಗುತ್ತಿದೆ" ಎಂದ. ಮೊದಲು ಸಿಸ್ಟರನ್ನು ಕರೆ, ಆಮೇಲೆ ಫೋಟೋ ಕಳಿಸು ಎಂದೆ. ಚಿಕ್ಕಮ್ಮ ಮಾತನಾಡುತ್ತಿದ್ದರು, ತುಟಿಯ ಬಣ್ಣ ಬದಲಾಗಿರಲಿಲ್ಲ. ಮೊದಲ ಫೋಟೋದಲ್ಲಿ ಎದೆಯ ತಂತಿಗಳಿಂದ ಬರುವ ಹೃದಯ ಬಡಿತದ ಅಂಕಿ HR 88 ಇತ್ತು, ಬೆರಳಿನ ಕ್ಲಿಪ್‌ನಿಂದ ಬರುವ ನಾಡಿ ಬಡಿತದ ಅಂಕಿ PR 46 ಇತ್ತು, ಕ್ಲಿಪ್‌ನ ಅಲೆ ಬಹುತೇಕ ಚಪ್ಪಟೆಯಾಗಿತ್ತು. ಎರಡೂ ಅಂಕಿಗಳು ಒಂದೇ ಹೃದಯದವು, ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಹೀಗಿರುವಾಗ 74ನ್ನು ನಂಬುವಂತಿರಲಿಲ್ಲ. ಎರಡನೆಯ ಫೋಟೋದಲ್ಲಿ ಬಿಪಿಯ ಜಾಗದಲ್ಲಿ, ತೋಳಿಗೆ ಸುತ್ತುವ ಬಿಪಿ ಪಟ್ಟಿ ಅಂದರೆ ಕಫ್ ಉಬ್ಬುವಾಗಿನ ಒತ್ತಡ ಕಾಣುತ್ತಿತ್ತು. ಕಫ್ ಮತ್ತು ಕ್ಲಿಪ್ ಒಂದೇ ಕೈಯಲ್ಲಿದ್ದವು. ಕಫ್ ಬಿಗಿದಷ್ಟು ಹೊತ್ತು ಬೆರಳಿಗೆ ರಕ್ತ ಹರಿಯದೆ ಅಲೆ ಸತ್ತಿತ್ತು. ಮೂರನೆಯದರಲ್ಲಿ ಆಕ್ಸಿಜನ್ 96, PR 87, ಬಿಪಿ 128/76. ಅಷ್ಟರಲ್ಲಿ ಬಂದ ಸಿಸ್ಟರ್ ಕ್ಲಿಪ್ಪನ್ನು ಇನ್ನೊಂದು ಕೈಗೆ ಹಾಕಿದರು. ನನ್ನನ್ನು ತಡೆಯುತ್ತಿದ್ದ ಸಹೋದ್ಯೋಗಿಗೆ ಈ ಮೂರು ಫೋಟೋ ತೋರಿಸಿದಾಗ ಅವರೂ ಒಪ್ಪಿದರು ಎನ್ನಲು ನನಗೆ ಹೆಮ್ಮೆಯಿದೆ.

ಇದನ್ನು ಖಚಿತಪಡಿಸಿಕೊಳ್ಳಲು ಸುಮಾರು ಸಾವಿರದ ಇನ್ನೂರು ರೂಪಾಯಿಯ ಆಕ್ಸಿಮೀಟರ್ ಕೊಂಡು, ನನ್ನದೇ ತೋಳಿಗೆ ಕಫ್ ಕಟ್ಟಿ ಪರೀಕ್ಷಿಸಿದೆ. ಕಫ್ ಬಿಗಿದಾಗ ಅಂಕಿ ಅಳಿಸಿಹೋಯಿತು, ಗಾಳಿ ಬಿಟ್ಟ ಸ್ವಲ್ಪ ಹೊತ್ತಿಗೆ ಮರಳಿತು.

ಬಣ್ಣದ ವಿಷಯದಲ್ಲಿ ಮನೆಯವರು ಹೆಚ್ಚು ಮೋಸಹೋಗುತ್ತಾರೆ. ಅನೇಕ ಮಾನಿಟರುಗಳಲ್ಲಿ ಉಸಿರಾಟದ ಅಂಕಿ ಸದಾ ಹಳದಿಯಾಗಿಯೇ ಇರುತ್ತದೆ, ಅದು ಎಚ್ಚರಿಕೆಯಲ್ಲ. ಮಿನುಗುವ ಹಳದಿ ಎಚ್ಚರಿಕೆ, ಮಿನುಗುವ ಕೆಂಪು ಅದಕ್ಕಿಂತ ತುರ್ತಿನದು. ಒಂದೇ ಫೋಟೋದಲ್ಲಿ ಮಿನುಗು ಕಾಣುವುದಿಲ್ಲವಾದ್ದರಿಂದ ಕೆಲವೊಮ್ಮೆ ಹತ್ತು ಸೆಕೆಂಡಿನ ವಿಡಿಯೋ ಕೇಳುತ್ತೇನೆ.

ಈ ವಿಧಾನಕ್ಕೆ ಮಿತಿಯಿದೆ. ಬಡಿತ ಲಯ ತಪ್ಪಿದವರಲ್ಲಿ HR ಮತ್ತು PR ನಿಜವಾಗಿಯೂ ಬೇರೆಯಾಗಬಹುದು, ಆದ್ದರಿಂದ ಅಂತಹವರ ಫೋಟೋದಿಂದ ನಾನು ಏನನ್ನೂ ತೀರ್ಮಾನಿಸುವುದಿಲ್ಲ. HR ಮತ್ತು PR ಹೊಂದಿಕೆಯಾಗಿ, ಅಲೆ ಚೆನ್ನಾಗಿದ್ದೂ ಆಕ್ಸಿಜನ್ ಕಡಿಮೆ ತೋರಿದರೆ ಮುಂದಿನ ಫೋಟೋಗೆ ಕಾಯದೆ, "ಫೋನಿಡಿ, ಡಾಕ್ಟರನ್ನು ಕರೆಯಿರಿ" ಎನ್ನುತ್ತೇನೆ.